‘ಬಿಲ್ ಅಪ್ರೂವಲ್‌ನಲ್ಲಿದೆ’ ಅಂದರೆ ನಿಜವಾಗಿ ಎಲ್ಲಿದೆ?

[ಮುಖ ನೇರ ಕ್ಯಾಮೆರಾಗೆ. ಹಿಂದೆ ಮೇಜು, ಫೈಲ್‌ಗಳು]

ನಮಸ್ಕಾರ. ನಾನು ಬಳ್ಳಾರಿಯಲ್ಲಿ ಕೂತು ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವವನು. ವೇ ಬ್ರಿಡ್ಜ್, ಗೇಟ್ ಪಾಸ್, ಸ್ಟೋರ್ಸ್, ಇಂಥವು. ಕೆಲಸ ಮುಗಿಸಿ ಬಿಲ್ ಕಳಿಸಿದ ಮೇಲೆ ‘ಅಪ್ರೂವಲ್‌ನಲ್ಲಿದೆ’ ಅನ್ನುವ ಮಾತು ನಿಮಗೂ ಕೇಳಿಸಿರುತ್ತದೆ, ಅಲ್ವಾ? ಆ ಮಾತಿನ ಹಿಂದೆ ಏನು ನಡೆಯುತ್ತಿರುತ್ತದೆ ಅಂತ ನನ್ನದೇ ಒಂದು ಬಿಲ್ ಇಟ್ಟುಕೊಂಡು ತೋರಿಸುತ್ತೇನೆ.

[ಪರದೆ ಮೇಲೆ: ಒಟ್ಟು ₹6,00,000. ಅಡ್ವಾನ್ಸ್ 30%, ಟ್ರಯಲ್ ಮುಗಿದಾಗ 40%, ಕೊನೆಗೆ 30%]

ಕೊಪ್ಪಳದ ಕಡೆಯ ಒಂದು ಕಾರ್ಖಾನೆ. ಲಾರಿ ಒಳಗೆ ಬಂದಾಗ, ಹೊರಗೆ ಹೋಗುವಾಗ ತೂಕ ಹಿಡಿದು ಚೀಟಿ ಕೊಡುವ ಸಾಫ್ಟ್‌ವೇರ್ ಬೇಕಿತ್ತು. ಒಟ್ಟು ಆರು ಲಕ್ಷ, ಮೂರು ಕಂತು. ಮೊದಲ ಕಂತು ಅಡ್ವಾನ್ಸ್. ಅದು ಹತ್ತೇ ದಿನದಲ್ಲಿ ಬಂತು. ಎರಡನೆಯದು ಟ್ರಯಲ್ ಮುಗಿದ ಮೇಲೆ ಬರಬೇಕಾದ ನಲವತ್ತು ಪರ್ಸೆಂಟ್. ಆಗಸ್ಟ್ 8ಕ್ಕೆ ಟ್ರಯಲ್ ಮುಗಿಯಿತು, ಶಿಫ್ಟ್ ಇಂಜಿನಿಯರ್ ಸಹಿ ಹಾಕಿ ಸೀಲ್ ಒತ್ತಿದರು. ಅವತ್ತೇ ಬಿಲ್ ಕೊಟ್ಟೆ. 2,40,000 ಮತ್ತು ಅದರ ಮೇಲೆ 18% ಜಿಎಸ್‌ಟಿ 43,200. ಒಟ್ಟು 2,83,200 ರೂಪಾಯಿ. ಮೂವತ್ತು ದಿನದ ಕ್ರೆಡಿಟ್. ಅಂದರೆ ಸೆಪ್ಟೆಂಬರ್ 7ಕ್ಕೆ ದುಡ್ಡು ಬರಬೇಕು.

ಬರಲಿಲ್ಲ. ಅಕೌಂಟ್ಸ್‌ಗೆ ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕೂ ಸಲ ಒಂದೇ ಉತ್ತರ: “ಅಪ್ರೂವಲ್‌ನ್ಯಾಗ ಐತ್ರಿ ಸರ್, ಬರ್ತೈತಿ.”

ಸೆಪ್ಟೆಂಬರ್ 20 ಬಂತು. ಆಗಸ್ಟ್ ತಿಂಗಳ ಜಿಎಸ್‌ಟಿ ಕಟ್ಟುವ ಕೊನೆಯ ದಿನ. ನನಗೆ ದುಡ್ಡು ಬಂದಿದೆಯೋ ಇಲ್ಲವೋ ಅದು ಸರ್ಕಾರಕ್ಕೆ ಲೆಕ್ಕವಿಲ್ಲ. ಬಿಲ್ ಆಗಸ್ಟ್‌ನದು, ತೆರಿಗೆಯೂ ಆಗಸ್ಟ್‌ನದೇ. ನಲವತ್ಮೂರು ಸಾವಿರ ಕೈಯಿಂದ ಕಟ್ಟಿದೆ. ಅದು ಹುಡುಗರ ಸಂಬಳಕ್ಕೆ ಅಂತ ಎತ್ತಿಟ್ಟ ದುಡ್ಡು.

[ಕಟ್. ಹತ್ತಿರದಿಂದ: ಪರ್ಚೇಸ್ ಆರ್ಡರ್ ಪ್ರತಿ, ಬೆರಳು ಒಂದು ಸಾಲಿನ ಮೇಲೆ]

ಸೆಪ್ಟೆಂಬರ್ 26ಕ್ಕೆ ಫೋನ್ ಮಾಡಿದಾಗ ಪ್ರಶ್ನೆ ಬದಲಾಯಿಸಿದೆ. ‘ಯಾವಾಗ ಬರುತ್ತೆ’ ಅಂತ ಕೇಳಲಿಲ್ಲ. ಅವರ ಖರೀದಿ, ಲೆಕ್ಕ ಎಲ್ಲ ಇರುವುದು ಸ್ಯಾಪ್ ಅನ್ನುವ ಸಾಫ್ಟ್‌ವೇರ್‌ನಲ್ಲಿ. “ಸರ್, ಸ್ಯಾಪ್‌ನಲ್ಲಿ ನನ್ನ ಪಿಒ ನಂಬರ್ ಹಾಕಿ ಒಂದ್ಸಲ ನೋಡ್ತೀರಾ? ಆಗಸ್ಟ್‌ನ ಸರ್ವಿಸ್ ಎಂಟ್ರಿ ಕಾಣ್ತಿದೆಯಾ?” ಅಂದೆ.

ಕೀಬೋರ್ಡ್ ಸದ್ದು ಕೇಳಿಸಿತು. ಆಮೇಲೆ ಅವರು ಹೇಳಿದ್ದು: “ಇಲ್ರಿ. ಎಂಟ್ರಿನ ಆಗಿಲ್ಲ. ನಿಮ್ ಬಿಲ್ ನನ್ನ ಟ್ರೇನ್ಯಾಗ ಐತಿ.”

ಅಂದರೆ ನನ್ನ ಬಿಲ್ ಯಾರ ಅಪ್ರೂವಲ್‌ಗೂ ಹೋಗಿರಲೇ ಇಲ್ಲ. ಐವತ್ತು ದಿನ ಒಂದು ಪ್ಲಾಸ್ಟಿಕ್ ಟ್ರೇಯಲ್ಲಿ ಮಲಗಿತ್ತು. ಅಕೌಂಟ್ಸ್‌ನವರು ಸುಳ್ಳು ಹೇಳಿದ್ದಲ್ಲ. ಅವರ ಬಾಯಲ್ಲಿ ‘ಅಪ್ರೂವಲ್’ ಅಂದರೆ ‘ನನ್ನ ಕೈಯಲ್ಲಿ ಇಲ್ಲ’ ಅಂತ ಅಷ್ಟೇ.

[ಪರದೆ ಮೇಲೆ ಸರಳ ಚಿತ್ರ: ಪಿಒ, ಸರ್ವಿಸ್ ಎಂಟ್ರಿ, ಬಿಲ್]

ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿ. ಸ್ಯಾಪ್ ಇಟ್ಟುಕೊಂಡ ಕಂಪನಿಯಲ್ಲಿ ಸಾಮಾನ್ಯವಾಗಿ ಮೂರು ಕಾಗದ ಒಂದಕ್ಕೊಂದು ತಾಳೆ ಆಗಬೇಕು. ಒಂದು ಪಿಒ, ಅಂದರೆ ಪರ್ಚೇಸ್ ಆರ್ಡರ್, ಯಾವ ಕೆಲಸಕ್ಕೆ ಅವರು ಏನು ಕೊಡುತ್ತೇವೆ ಅಂತ ಒಪ್ಪಿದ್ದು. ಇನ್ನೊಂದು ನಿಮ್ಮ ಬಿಲ್. ನಡುವೆ ಒಂದು ಕೊಂಡಿ ಇದೆ. ಸಾಮಾನು ಆದರೆ ಸ್ಟೋರ್ಸ್‌ನವರು ಜಿಆರ್‌ಎನ್, ಅಂದರೆ ‘ಸಾಮಾನು ಬಂದಿದೆ’ ಅನ್ನುವ ಎಂಟ್ರಿ ಮಾಡುತ್ತಾರೆ. ನಮ್ಮಂಥ ಕೆಲಸಕ್ಕೆ ಸರ್ವಿಸ್ ಎಂಟ್ರಿ ಶೀಟ್. ಕೆಲಸ ಮಾಡಿಸಿಕೊಂಡ ಸೆಕ್ಷನ್‌ನವರು ‘ಹೌದು, ಇಷ್ಟು ಕೆಲಸ ಆಗಿದೆ’ ಅಂತ ಸಿಸ್ಟಮ್‌ನಲ್ಲಿ ಹೊಡೆಯಬೇಕು, ಅವರ ಹೆಚ್‌ಒಡಿ ಒಪ್ಪಬೇಕು. ಆಮೇಲೆ ಮಾತ್ರ ಅಕೌಂಟ್ಸ್‌ನವರು ಬಿಲ್ ಪೋಸ್ಟ್ ಮಾಡಬಹುದು, ಅಂದರೆ ಲೆಕ್ಕಕ್ಕೆ ಹತ್ತಿಸಬಹುದು. ನಮ್ಮ ಕೈಯಲ್ಲಿರುವ ಸಹಿ ಮಾಡಿದ ಸರ್ಟಿಫಿಕೇಟ್ ಆ ಎಂಟ್ರಿಗೆ ಆಧಾರ ಅಷ್ಟೇ, ಅದೇ ಎಂಟ್ರಿ ಅಲ್ಲ. ಅಡ್ವಾನ್ಸ್‌ಗೆ ಈ ಕೊಂಡಿ ಬೇಕಿರಲಿಲ್ಲ, ಕೆಲಸವೇ ಆಗಿಲ್ಲವಲ್ಲ. ಅದಕ್ಕೇ ಮೊದಲ ಕಂತು ಸರಾಗ ಬಂತು. ಅದು ಬಂದ ರೀತಿ ನೋಡಿ ಎರಡನೆಯದೂ ಹಾಗೇ ಬರುತ್ತೆ ಅಂತ ನಾನು ಸುಮ್ನೆ ಕೂತಿದ್ದೆ.

ಮರುದಿನ ಬೆಳಿಗ್ಗೆ ಹೊಸಪೇಟೆ ದಾಟಿ ಕಾರ್ಖಾನೆಗೆ ಹೋದೆ. ಡಿಸ್ಪ್ಯಾಚ್ ಸೆಕ್ಷನ್ ಇನ್‌ಚಾರ್ಜ್ ಒಳ್ಳೆಯ ಮನುಷ್ಯ. ಟ್ರಯಲ್ ದಿನ ನನ್ನ ಜೊತೆ ರಾತ್ರಿವರೆಗೂ ನಿಂತಿದ್ದರು. ಎಂಟ್ರಿ ಯಾಕೆ ಆಗಿಲ್ಲ ಅಂತ ಕೇಳಿದೆ. ಸ್ಕ್ರೀನ್ ನನ್ನ ಕಡೆ ತಿರುಗಿಸಿದರು.

[ಪರದೆ ಮೇಲೆ: ಲೈನ್ 10. ಸಾಫ್ಟ್‌ವೇರ್ ಕೆಲಸ. 1 ಲಾಟ್. ₹6,00,000]

“ಒಂದು ಲಾಟ್ ಅಂತೈತಿ ನೋಡ್ರಿ. ಸೊನ್ನೆ ಪಾಯಿಂಟ್ ನಾಲ್ಕು ಹೊಡದ್ರ ತಗೊಳ್ಳಾಂಗಿಲ್ಲ. ಒಂದು ಹೊಡದ್ರ ಪೂರ್ತಿ ಆರು ಲಕ್ಷದ ಕೆಲಸ ಮುಗೀತು ಅಂತ ಆಗ್ತೈತಿ. ನಾಳೆ ಆಡಿಟ್‌ನವರು ಕೇಳಿದ್ರ ನಾ ಏನ್ ಹೇಳ್ಲಿ?”

ಅವರು ಹೇಳಿದ್ದು ಸರಿ ಇತ್ತು. ಕಂತುಗಳು ಪಿಒದ ಕೊನೆಯ ಪುಟದಲ್ಲಿ, ಪೇಮೆಂಟ್ ಷರತ್ತಿನಲ್ಲಿ ಬರಹವಾಗಿದ್ದವು. ಲೈನ್ ಮಾತ್ರ ಒಂದೇ. ಮನುಷ್ಯ ಓದಿದರೆ ಅರ್ಥ ಆಗುತ್ತದೆ, ಸಿಸ್ಟಮ್‌ಗೆ ಆಗುವುದಿಲ್ಲ. ಇದಕ್ಕೆ ಪರ್ಚೇಸ್‌ನವರು ಪಿಒ ತಿದ್ದುಪಡಿ ಮಾಡಬೇಕು. ಒಂದು ಲೈನ್ ಇದ್ದದ್ದನ್ನು ಮೂರು ಮಾಡಬೇಕು: 1,80,000, 2,40,000, ಮತ್ತೆ 1,80,000. ಇದನ್ನು ಪರ್ಚೇಸ್‌ಗೆ ಹೇಳಬೇಕು ಅಂತ ಇನ್‌ಚಾರ್ಜ್‌ಗೆ ಗೊತ್ತಿತ್ತು. ಆದರೆ ಅವರಿಗೆ ದಿನಕ್ಕೆ ನೂರು ಲಾರಿ ಕಳಿಸುವ ತಲೆನೋವು.

ಹಾಗಾಗಿ ಆ ಮೇಲ್ ನಾನೇ ಬರೆದುಕೊಟ್ಟೆ. ಅವರು ಓದಿ, ಫಾರ್ವರ್ಡ್ ಒತ್ತಿದರೆ ಸಾಕು ಅನ್ನುವ ಹಾಗೆ. ಕಳಿಸಿದ್ದು ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡದಲ್ಲಿ ಓದುತ್ತೇನೆ.

[ಪರದೆ ಮೇಲೆ ಮೇಲ್, ಸಾಲು ಸಾಲಾಗಿ]

“ಸರ್, ವೇ ಬ್ರಿಡ್ಜ್ ಸಾಫ್ಟ್‌ವೇರ್‌ನ ಟ್ರಯಲ್ ಆಗಸ್ಟ್ 8ಕ್ಕೆ ಮುಗಿದಿದೆ, ಸಹಿ ಮಾಡಿದ ಸರ್ಟಿಫಿಕೇಟ್ ಲಗತ್ತಿಸಿದೆ. ಪಿಒದಲ್ಲಿ ಒಂದೇ ಲೈನ್, ಒಂದು ಲಾಟ್ ಇರುವುದರಿಂದ 40% ಕಂತಿಗೆ ಸರ್ವಿಸ್ ಎಂಟ್ರಿ ಮಾಡಲು ಆಗುತ್ತಿಲ್ಲ. ಪೇಮೆಂಟ್ ಷರತ್ತಿನ ಪ್ರಕಾರ ಮೂರು ಲೈನ್ ಮಾಡಿಕೊಡಬೇಕು. ಒಟ್ಟು ಮೊತ್ತದಲ್ಲಿ ಬದಲಾವಣೆ ಇಲ್ಲ. ತಿದ್ದುಪಡಿ ಆದ ದಿನವೇ ನಮ್ಮ ಸೆಕ್ಷನ್‌ನಿಂದ ಎಂಟ್ರಿ ಮಾಡುತ್ತೇವೆ.”

ಈ ಮೇಲ್‌ನಲ್ಲಿ ‘ಪೇಮೆಂಟ್ ತಡವಾಗಿದೆ’ ಅನ್ನುವ ಮಾತೇ ಇಲ್ಲ, ಗಮನಿಸಿ. ಇದನ್ನು ಕಳಿಸುತ್ತಿರುವವರು ಇನ್‌ಚಾರ್ಜ್. ತಡ ಅಂತ ಬರೆದರೆ ಅವರೇ ತಪ್ಪಿತಸ್ಥರಾಗುತ್ತಾರೆ, ಆಗ ಫಾರ್ವರ್ಡ್ ಒತ್ತುವುದೇ ಇಲ್ಲ. ‘ಒಟ್ಟು ಮೊತ್ತದಲ್ಲಿ ಬದಲಾವಣೆ ಇಲ್ಲ’ ಅನ್ನುವ ಸಾಲನ್ನು ಬೇಕಂತಲೇ ಹಾಕಿದೆ. ತಿದ್ದುಪಡಿ ಅಂದ ಕೂಡಲೇ ಪರ್ಚೇಸ್‌ನವರಿಗೆ ಬರುವ ಮೊದಲ ಅನುಮಾನ ರೇಟ್ ಜಾಸ್ತಿ ಮಾಡುತ್ತಿದ್ದಾರಾ ಅಂತ. ಅದಕ್ಕೆ ಮೊದಲೇ ಉತ್ತರ ಸಿಕ್ಕಿಬಿಡಬೇಕು. ನೇರ ಜಿಎಂಗೆ ಖಾರವಾಗಿ ಒಂದು ಮೇಲ್ ಹಾಕಿಬಿಡೋಣ ಅಂತ ನನ್ನ ಜೊತೆಗಾರ ಹೇಳಿದ್ದ. ನಾನು ಒಪ್ಪಲಿಲ್ಲ. ಹಾಗೆ ಹಾಕಿದ್ದರೆ ಅದು ಕೆಳಗಿಳಿದು ಬಂದು ನಿಲ್ಲುತ್ತಿದ್ದುದು ನಮಗಾಗಿ ರಾತ್ರಿವರೆಗೆ ನಿಂತ ಆ ಇನ್‌ಚಾರ್ಜ್ ಮೇಜಿನ ಮೇಲೆ.

ಸೆಪ್ಟೆಂಬರ್ 29ಕ್ಕೆ ಮೇಲ್ ಹೋಯಿತು. ತಿದ್ದುಪಡಿಗೂ ಇಬ್ಬರ ರಿಲೀಸ್, ಅಂದರೆ ಸಿಸ್ಟಮ್‌ನಲ್ಲಿ ಒಪ್ಪಿಗೆ ಬೇಕು, ಪರ್ಚೇಸ್ ಹೆಡ್ ಮತ್ತು ಫೈನಾನ್ಸ್ ಹೆಡ್. ನಡುವೆ ಆಯುಧಪೂಜೆ, ದಸರಾ. ವೇ ಬ್ರಿಡ್ಜ್ ಕ್ಯಾಬಿನ್‌ನಲ್ಲಿ ನಮ್ಮ ಕಂಪ್ಯೂಟರ್‌ಗೂ ಕುಂಕುಮ ಹಚ್ಚಿ ಬಾಳೆಕಂದು ಕಟ್ಟಿದ್ದರು. ಹಬ್ಬದ ಮೇಲೆ ಫೈನಾನ್ಸ್ ಹೆಡ್ ರಜೆ. ಆಗ ಪರ್ಚೇಸ್ ಮೇಡಂಗೆ ಕೇಳಿದ್ದು ಒಂದೇ ಮಾತು: “ಮೇಡಂ, ಸಾರ್ ಬರುವವರೆಗೆ ಅವರ ಬದಲು ಯಾರಿಗೆ ರಿಲೀಸ್ ಕೊಡುವ ಅಧಿಕಾರ ಇದೆ?” ಇತ್ತು, ಒಬ್ಬರಿಗೆ ಇತ್ತು. ಅಕ್ಟೋಬರ್ 8ಕ್ಕೆ ತಿದ್ದುಪಡಿ ಆಯಿತು. ಮರುದಿನ ಸರ್ವಿಸ್ ಎಂಟ್ರಿ, ಅದರ ಮರುದಿನ ಹೆಚ್‌ಒಡಿ ಒಪ್ಪಿಗೆ.

[ಮುಖ ನೇರ ಕ್ಯಾಮೆರಾಗೆ]

ಇನ್ನೇನು ಮುಗೀತು ಅನ್ನುವಾಗ ಅಕೌಂಟ್ಸ್‌ನಿಂದ ಫೋನ್ ಬಂತು. “ಪಿಒ ಬದಲಾಗೈತಲ್ರಿ, ಹೊಸ ತಾರೀಖು ಹಾಕಿ ಹೊಸ ಬಿಲ್ ಕಳಿಸ್ರಿ.”

ಈ ಮಾತಿಗೆ ತುಂಬ ಜನ ಹೂಂ ಅಂದುಬಿಡುತ್ತಾರೆ. ದಯವಿಟ್ಟು ಅನ್ನಬೇಡಿ. ಹೊಸ ತಾರೀಖು ಬಿದ್ದರೆ ಮೂವತ್ತು ದಿನದ ಎಣಿಕೆ ಮೊದಲಿನಿಂದ ಶುರು. ಅಕ್ಟೋಬರ್ ಹೋಗಿ ನವೆಂಬರ್ ಆಗುತ್ತದೆ. ಅದಲ್ಲದೆ ಹಳೆಯ ಬಿಲ್ ಆಗಸ್ಟ್‌ನ ಜಿಎಸ್‌ಟಿ ರಿಟರ್ನ್‌ನಲ್ಲಿ ಹೋಗಿಯಾಗಿದೆ, ತೆರಿಗೆ ಕಟ್ಟಿಯಾಗಿದೆ. ಅದನ್ನು ಹರಿದು ಹಾಕಲು ಬರುವುದಿಲ್ಲ, ಕ್ರೆಡಿಟ್ ನೋಟ್ ಮಾಡಬೇಕು. ಬಿಲ್‌ನ ಮೊತ್ತವೋ ಜಿಎಸ್‌ಟಿ ನಂಬರೋ ನಿಜವಾಗಿಯೂ ತಪ್ಪಿದ್ದರೆ ಆ ಮಾತು ಬೇರೆ. ಇಲ್ಲಿ ಏನೂ ತಪ್ಪಿರಲಿಲ್ಲ, ಲೈನ್ ನಂಬರ್ ಒಂದೇ ಇಲ್ಲದ್ದು. ಲೆಟರ್‌ಹೆಡ್‌ನಲ್ಲಿ ಎರಡು ಸಾಲು ಬರೆದು ಸಹಿ ಹಾಕಿ ಕಳಿಸಿದೆ: ಆಗಸ್ಟ್ 8ರ ನಮ್ಮ ಈ ನಂಬರಿನ ಬಿಲ್, ತಿದ್ದುಪಡಿಯಾದ ಪಿಒದ ಲೈನ್ 20ಕ್ಕೆ ಸಂಬಂಧಿಸಿದ್ದು ಅಂತ. ಅಷ್ಟೇ ಸಾಕಾಯಿತು. ಅಕ್ಟೋಬರ್ 13ಕ್ಕೆ ಬಿಲ್ ಪೋಸ್ಟ್ ಆಯಿತು.

ಪೋಸ್ಟ್ ಆದ ದಿನವೇ ದುಡ್ಡು ಬರುವುದಿಲ್ಲ. ಅವರ ಪೇಮೆಂಟ್ ರನ್ ವಾರಕ್ಕೆ ಒಂದು ಸಲ, ಶುಕ್ರವಾರ. ಪಟ್ಟಿ ಬುಧವಾರ ಸಂಜೆಗೆ ಮುಚ್ಚುತ್ತದೆ. ಇದನ್ನು ಕೇಳಿ ತಿಳಿದುಕೊಂಡಿದ್ದರಿಂದ ಬುಧವಾರ ಮಧ್ಯಾಹ್ನ ಒಂದೇ ಒಂದು ಮೆಸೇಜ್ ಹಾಕಿದೆ, ಈ ವಾರದ ಪಟ್ಟಿಯಲ್ಲಿ ನಮ್ಮ ಬಿಲ್ ಇದೆಯಾ ಅಂತ. ಅಕ್ಟೋಬರ್ 17, ಶುಕ್ರವಾರ ಸಂಜೆ ಬ್ಯಾಂಕಿನ ಮೆಸೇಜ್ ಬಂತು: 2,78,400 ರೂಪಾಯಿ. 2,40,000ದ ಮೇಲೆ 2% ಟಿಡಿಎಸ್ ಅಂದರೆ 4,800 ಮುರಿದುಕೊಂಡಿದ್ದರು. ಜಿಎಸ್‌ಟಿ ಬೇರೆಯಾಗಿ ತೋರಿಸಿದ್ದರೆ ಅದರ ಮೇಲೆ ಟಿಡಿಎಸ್ ಹಿಡಿಯುವುದಿಲ್ಲ, ನೋಡಿಕೊಳ್ಳಿ.

[ಪರದೆ ಮೇಲೆ: ಉದ್ಯಮ್ ನೋಂದಣಿ]

ಕಾನೂನು ಇಲ್ಲವಾ ಅಂತ ಕೇಳುತ್ತೀರಿ. ಇದೆ. ನೀವು ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿ ಆಗಿರುವ ಅತಿಸಣ್ಣ ಅಥವಾ ಸಣ್ಣ ಉದ್ಯಮ ಆಗಿದ್ದರೆ, ಲಿಖಿತ ಒಪ್ಪಂದ ಇಲ್ಲದಿದ್ದಾಗ 15 ದಿನ, ಇದ್ದರೂ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು. ಕೆಲಸದ ಬಗ್ಗೆ 15 ದಿನದೊಳಗೆ ಬರವಣಿಗೆಯಲ್ಲಿ ತಕರಾರು ಹೇಳದಿದ್ದರೆ ಒಪ್ಪಿದ ಹಾಗೆ ಲೆಕ್ಕ. 2023-24ನೇ ಹಣಕಾಸು ವರ್ಷದಿಂದ ಆದಾಯ ತೆರಿಗೆಯಲ್ಲೂ ಇದಕ್ಕೆ ಒಂದು ಹಿಡಿತ ಬಂದಿದೆ. ಗಡುವು ಮೀರಿ ಬಾಕಿ ಉಳಿಸಿಕೊಂಡದ್ದನ್ನು ಕಂಪನಿಯವರು ಆ ವರ್ಷದ ಖರ್ಚಿಗೆ ಹಾಕಿಕೊಳ್ಳಲು ಆಗುವುದಿಲ್ಲ, ಕೊಟ್ಟ ವರ್ಷವೇ ಹಾಕಿಕೊಳ್ಳಬೇಕು. ಆದರೆ ಅಕ್ಟೋಬರ್‌ನಲ್ಲಿ ಇದನ್ನು ಹೇಳಿದರೆ ಅಕೌಂಟ್ಸ್‌ನವರಿಗೆ ತಟ್ಟುವುದಿಲ್ಲ. ಮಾರ್ಚ್ 31ರೊಳಗೆ ಕೊಟ್ಟರೆ ಆ ಖರ್ಚು ಅವರಿಗೆ ಸಿಗುತ್ತದಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಇದೇ ಮಾತಿಗೆ ತೂಕ ಜಾಸ್ತಿ. ಎಲ್ಲಕ್ಕೂ ಮೊದಲು ಉದ್ಯಮ್ ನಂಬರ್ ಬಿಲ್ ಮೇಲೆ ಅಚ್ಚಾಗಿರಲಿ. ಇಷ್ಟೆಲ್ಲ ಇದ್ದರೂ ನನ್ನ ಬಿಲ್‌ಗೆ ಈ ಕಾನೂನು ಕೆಲಸಕ್ಕೆ ಬರುತ್ತಿರಲಿಲ್ಲ. ಎಂಥ ನೋಟಿಸ್ ಕೊಟ್ಟರೂ ಆ ಒಂದು ಲಾಟ್ ಮೂರು ಲೈನ್ ಆಗುತ್ತಿರಲಿಲ್ಲ.

[ಮತ್ತೆ ಪರ್ಚೇಸ್ ಆರ್ಡರ್ ಹತ್ತಿರದಿಂದ, ಈಗ ಮೂರು ಸಾಲು]

ಕೊನೆಯ ಕಂತಿಗೆ ಬಿಲ್ ಕೊಡುವ ದಿನ ಇನ್‌ಚಾರ್ಜ್ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಲೈನ್ 30ರ ಸರ್ವಿಸ್ ಎಂಟ್ರಿ ನನ್ನ ಎದುರಿಗೇ ಆಯಿತು, ಅದರ ನಂಬರ್ ಬಿಲ್ ಮೇಲೆ ಬರೆದೇ ಅಕೌಂಟ್ಸ್‌ಗೆ ಕೊಟ್ಟೆ. ಮೂವತ್ತು ದಿನದ ಕ್ರೆಡಿಟ್, ಮೂವತ್ಮೂರನೇ ದಿನಕ್ಕೆ ದುಡ್ಡು. ಈಗ ಯಾವ ಕಾರ್ಖಾನೆಯಿಂದ ಪಿಒ ಬಂದರೂ ರೇಟ್ ನೋಡಿದ ಮೇಲೆ ಎಷ್ಟು ಲೈನ್ ಇದೆ ಅಂತ ಎಣಿಸುತ್ತೇನೆ. ಕಂತು ಮೂರಿದ್ದು ಲೈನ್ ಒಂದೇ ಇದ್ದರೆ, ಕೆಲಸ ಶುರು ಮಾಡುವ ಮೊದಲೇ ವಾಪಸ್ ಕಳಿಸುತ್ತೇನೆ.