ಕಾಣದ ಗೆರೆ, ಮಡಚಿದ ನೀರುದೋಸೆ

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಹೊತ್ತು, ಹೊರಗೆ ಮಳೆ, ಮೇಲೆ ಫ್ಯಾನು. ನಿದ್ದೆ ಬಂದರೆ ತಪ್ಪು ನಿಮ್ಮದಲ್ಲ. ಗೊರಕೆ ಮಾತ್ರ ಸಣ್ಣದಾಗಿರಲಿ.

ಸೋಮವಾರದಿಂದ ನೀವು ಪಾಠ ಮಾಡುವ ಅಭ್ಯಾಸಕ್ಕೆ ಶಾಲೆಗಳಿಗೆ ಹೋಗುತ್ತೀರಿ. ನಿಮ್ಮ ಮೇಡಂ ನಿನ್ನೆ ನಿಮ್ಮ ಪಾಠಯೋಜನೆಗಳನ್ನು ನನಗೆ ಓದಲು ಕೊಟ್ಟರು. ಅಕ್ಷರ ಚೆಂದ ಉಂಟು. ಕೊನೆಯಲ್ಲಿ ‘ವಿಶೇಷ ಅಗತ್ಯವುಳ್ಳ ಮಕ್ಕಳಿಗೆ’ ಅಂತ ಒಂದು ಕಾಲಂ. ಅದರಲ್ಲಿ ಹೆಚ್ಚುಕಡಿಮೆ ಎಲ್ಲರೂ ಬರೆದದ್ದು ಒಂದೇ ಸಾಲು: ‘ಹೆಚ್ಚಿನ ಗಮನ ನೀಡಲಾಗುವುದು.’ ಗಮನ ಕೊಟ್ಟು ಏನು ಮಾಡುತ್ತೀರಿ ಮಾರಾಯ್ರೆ? ಅದು ಎಲ್ಲೂ ಇಲ್ಲ. ಇವತ್ತು ನನ್ನ ಜಗಳ ಆ ಒಂದು ಸಾಲಿನ ಜೊತೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನೀವು ಓದಿದ್ದೀರಿ. 21 ಬಗೆಯ ವೈಕಲ್ಯಗಳ ಪಟ್ಟಿಯೂ ಬಾಯಿಪಾಠ ಇರಬಹುದು, ಪರೀಕ್ಷೆಗೆ ಬರುತ್ತದಲ್ವಾ. ಸಮನ್ವಯ ಶಿಕ್ಷಣಕ್ಕೆ ಅದು ಕೊಡುವ ಅರ್ಥದಲ್ಲಿ ಎರಡು ಮಾತುಗಳಿವೆ. ವೈಕಲ್ಯ ಇರುವ, ಇಲ್ಲದ ಮಕ್ಕಳು ಒಟ್ಟಿಗೆ ಕಲಿಯಬೇಕು. ಜೊತೆಗೆ, ಆ ಮಕ್ಕಳಿಗೆ ಹೊಂದುವ ಹಾಗೆ ಕಲಿಸುವ ರೀತಿಯನ್ನು ಬದಲಿಸಬೇಕು. ಮೊದಲನೆಯದು ದಾಖಲಾತಿ ರಿಜಿಸ್ಟರಿನಲ್ಲಿ ಮುಗಿಯುತ್ತದೆ. ಎರಡನೆಯದು ನಮ್ಮ ತಲೆಯ ಮೇಲೆ.

ನನ್ನದೇ ಕಥೆ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತು. ನಾಲ್ಕನೇ ತರಗತಿ, ಭಿನ್ನರಾಶಿ. ದೃಷ್ಟಿ ಮಂದ ಇದ್ದ ಒಬ್ಬ ಹುಡುಗನನ್ನು ಮೊದಲ ಬೆಂಚಿನಲ್ಲಿ, ಬೆಳಕು ಚೆನ್ನಾಗಿ ಬರಲಿ ಅಂತ ಕಿಟಕಿಗೆ ಮುಖ ಮಾಡಿ ಕೂರಿಸಿದೆ. ನನ್ನ ಸಮನ್ವಯ ಅಲ್ಲಿಗೆ ಮುಗಿಯಿತು. ಬೋರ್ಡಿನಲ್ಲಿ 1 ಬರೆದೆ, ಕೆಳಗೊಂದು ಗೆರೆ, ಅದರ ಕೆಳಗೆ 2. ಹುಡುಗನ ಪುಸ್ತಕ ನೋಡಿದರೆ ಒಂದರ ಕೆಳಗೆ ಎರಡು, ನಡುವೆ ಗೆರೆ ಇಲ್ಲ, ಉತ್ತರ 3. ಮುಂದಿನ ಲೆಕ್ಕ, ಒಂದರ ಕೆಳಗೆ ನಾಲ್ಕು, ಉತ್ತರ 5. ಕೆಂಪು ಪೆನ್ನಿನಲ್ಲಿ ಉದ್ದಕ್ಕೂ ತಪ್ಪು ಹಾಕಿ ‘ಗಮನ ಕೊಡು’ ಅಂತ ಬರೆದೆ. ನೋಡಿ, ಆಗಲೂ ಗಮನವೇ! ಅವನ ಅಮ್ಮನನ್ನು ಕರೆಸಿ ಹುಡುಗನಿಗೆ ಭಿನ್ನರಾಶಿ ತಲೆಗೆ ಹೋಗುವುದಿಲ್ಲ ಅಂತಲೂ ಹೇಳಿದೆ.

ಒಂದು ದಿನ ಅವನನ್ನೇ ಬೋರ್ಡಿನ ಹತ್ತಿರ ಕರೆದೆ. ಮೂಗು ತಾಗುವಷ್ಟು ಹತ್ತಿರ ಬಂದವನು, “ಟೀಚರ್, ಇದರ ನಡುವೆ ಗೆರೆ ಉಂಟಾ?” ಅಂದ. ಬೋರ್ಡು ಹಳೆಯದು, ಒಣ ಡಸ್ಟರಿನಲ್ಲಿ ಒರೆಸಿ ಒರೆಸಿ ಬಿಳಿಚಿಕೊಂಡಿತ್ತು. ಬಿಳಿಯ ಮೇಲೆ ಬಿಳಿ ಗೆರೆ. ಸಾಲದ್ದಕ್ಕೆ ಎದುರಿನ ಕಿಟಕಿಯ ಬೆಳಕು ಅವನ ಕಣ್ಣಿಗೇ ಹೊಡೆಯುತ್ತಿತ್ತು. ಅವನು ಮಾಡಿದ ಕೂಡುವ ಲೆಕ್ಕದಲ್ಲಿ ಒಂದೂ ತಪ್ಪಿರಲಿಲ್ಲ.

ಈಗ ಅದೇ ಪಾಠ ತೆಗೆದುಕೊಳ್ಳೋಣ. ನಲವತ್ತು ನಿಮಿಷ, ಅರ್ಧ ಮತ್ತು ಕಾಲು. ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಗಂಟೆ ಹೊಡೆಯುವಾಗ ಮಗುವಿಗೆ ಏನು ಗೊತ್ತಿರಬೇಕು? ಸಮ ಪಾಲು ಮಾಡಿದರೆ ಮಾತ್ರ ಅರ್ಧ, ಕಾಲು. ಅಷ್ಟೇ. ಬೋರ್ಡಿನಿಂದ ನಕಲು ಮಾಡುವುದು ಗುರಿ ಅಲ್ಲ, ಅದು ಒಂದು ದಾರಿ. ದಾರಿಯನ್ನು ಎಷ್ಟು ಬೇಕಾದರೂ ಬದಲಿಸಿ. ಗುರಿಗೆ ಕೈ ಹಾಕುವಾಗ ಮಾತ್ರ ಎರಡು ಸಲ ಯೋಚಿಸಿ.

ನೀರುದೋಸೆ ಎಲ್ಲರ ಮನೆಯಲ್ಲೂ ಮಾಡುತ್ತಾರೆ. ಕಾವಲಿಯಿಂದ ತೆಗೆಯುವಾಗ ಒಂದು ಸಲ ಮಡಚಿದರೆ ಅರ್ಧ, ಇನ್ನೊಂದು ಸಲ ಮಡಚಿದರೆ ಕಾಲು. ದೋಸೆ ತಂದರೆ ಪಾಠಕ್ಕೆ ಮೊದಲೇ ಖಾಲಿ ಆಗುತ್ತದೆ, ಹಾಗಾಗಿ ಕಾಗದ. ಊಟದ ಬಟ್ಟಲು ಇಟ್ಟು ಗೆರೆ ಎಳೆದು, ತಲೆಗೆ ಎರಡರಂತೆ ಕತ್ತರಿಸಿ. ಮೊದಲನೆಯದನ್ನು ಎಲ್ಲ ಮಕ್ಕಳೂ ಕಣ್ಣು ಮುಚ್ಚಿಕೊಂಡೇ ಮಡಚಲಿ. ಅಂಚಿಗೆ ಅಂಚು ಕೂತಿದೆಯಾ ಅಂತ ಬೆರಳು ಹೇಳುತ್ತದೆ. ಕಣ್ಣು ಕಾಣದ ಮಗುವಿಗೆ ಇಲ್ಲಿ ಬೇರೆ ಪಾಠ ಬೇಕಾಗಿಲ್ಲ. ‘ಎರಡು ತುಂಡು ಮಾಡಿದರೆ ಸಾಕು, ಅರ್ಧ ಆಯ್ತು’ ಅಂದುಕೊಂಡ ಉಳಿದ ಮಕ್ಕಳೂ ಇಲ್ಲೇ ಸಿಕ್ಕಿಬೀಳುತ್ತಾರೆ. ಅಂಥವರು ಪ್ರತಿ ತರಗತಿಯಲ್ಲೂ ಇರುತ್ತಾರೆ.

ಕಾಗದ ಬಿಡಿಸಿದಾಗ ಮಡಿಕೆಯ ಗುರುತು ಸಪೂರ, ಬೆರಳಿಗೆ ಬೇಗ ಸಿಗುವುದಿಲ್ಲ. ಅದರ ಮೇಲೆ ಹಿಡಿಸೂಡಿಯ ಕಡ್ಡಿ ಅಂಟಿಸಿ. ಖರ್ಚಿಲ್ಲ. ದೃಷ್ಟಿ ಮಂದ ಇರುವವರಿಗೆ ಬಿಳಿ ಹಾಳೆಯಲ್ಲಿ ಕಪ್ಪು ಸ್ಕೆಚ್ ಪೆನ್ನಿನಿಂದ ದೊಡ್ಡದಾಗಿ 1/2 ಬರೆದು ಡೆಸ್ಕಿನ ಮೇಲೇ ಕೊಡಿ, ನಡುವಿನ ಗೆರೆ ದಪ್ಪ ಇರಲಿ. ಮಿನುಗುವ ಹಾಳೆ ಬೇಡ. ಬೋರ್ಡನ್ನು ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಇನ್ನು ಕಿವಿ ಕೇಳದ ಮಗು. ನಾವು ಬೋರ್ಡಿಗೆ ಮುಖ ಮಾಡಿ ಬರೆಯುತ್ತಲೇ ಮಾತಾಡುತ್ತೇವೆ. ಆ ಹೊತ್ತು ಅವಳಿಗೆ ಕಾಣುವುದು ನಮ್ಮ ಜಡೆ. ಬರೆದು ಮುಗಿಸಿ, ತಿರುಗಿ, ಆಮೇಲೆ ಮಾತಾಡಿ. ತುಟಿ ಓದುವುದೂ ನಾವು ತಿಳಿದಷ್ಟು ಸುಲಭ ಅಲ್ಲ. ಪಕ್ಕದವರಿಗೆ ದನಿ ಇಲ್ಲದೆ ‘ಕಾಲು’ ಅನ್ನಿ, ಆಮೇಲೆ ‘ಹಾಲು’ ಅನ್ನಿ. ಏನಾದರೂ ವ್ಯತ್ಯಾಸ ಕಂಡಿತಾ? ನಗಬೇಡಿ, ಅವಳು ದಿನವಿಡೀ ಊಹೆ ಮಾಡುವುದು ಹೀಗೆ. ಪದ ಬರೆದು ತೋರಿಸಿ, ಜೊತೆಗೆ ಕಾಗದ ಮಡಚಿ ತೋರಿಸಿ.

ಶ್ರವಣ ಸಾಧನ ಉಂಟಲ್ಲ ಟೀಚರ್ ಅಂತೀರಿ. ಜುಲೈ ತಿಂಗಳು, ಶೀಟಿನ ಮಾಡಿನ ಮೇಲೆ ಮಳೆ ಸುರಿಯುತ್ತಿರುತ್ತದೆ. ಆ ಯಂತ್ರ ನಿಮ್ಮ ದನಿಯ ಜೊತೆ ಮಳೆಯನ್ನೂ ಜೋರು ಮಾಡುತ್ತದೆ. ಮೂರ್ನಾಲ್ಕು ಅಡಿ ಹತ್ತಿರ ಹೋಗಿ ಮಾತಾಡಿ, ಅದಕ್ಕಿಂತ ದೂರ ನಿಂತು ಕಿರುಚಿ ಪ್ರಯೋಜನ ಇಲ್ಲ. ಮಳೆ ಜೋರಾದರೆ ಮಾತು ನಿಲ್ಲಿಸಿ, ಮಡಚುವ ಕೆಲಸಕ್ಕೆ ಹಚ್ಚಿ.

ಹಾಂ, ‘ಕಾಲು’ ಅಂದದ್ದಕ್ಕೆ ನೆನಪಾಯ್ತು. ಮನೆಯಲ್ಲಿ ತುಳು ಮಾತಾಡುವ ಒಂದು ಮಗು ಕಾಲು ಅಂದಾಗ ತನ್ನ ಪಾದ ಮುಟ್ಟಿ, “ಕಾರಾ ಟೀಚರ್?” ಅಂತ ಕೇಳಿತ್ತು. ತುಳುವಿನಲ್ಲಿ ಕಾಲಿಗೆ ಕಾರ್ ಅಂತಾರೆ. ಈ ಮಗುವಿನ ತೊಂದರೆ ಕಾಯ್ದೆಯ ಪಟ್ಟಿಯಲ್ಲಿ ಇಲ್ಲ. ಆದರೂ ಪಾಠ ಅಲ್ಲೇ ನಿಂತಿತು.

ಗುರಿಯನ್ನೇ ಬದಲಿಸುವುದು ಯಾವಾಗ? ಬೌದ್ಧಿಕ ವೈಕಲ್ಯ ಇರುವ ಮಗುವಿಗೆ 1/4 ಎಂಬ ಬರಹ ಈ ವರ್ಷ ದಕ್ಕದೇ ಇರಬಹುದು. ಹಾಗಂತ ಬಣ್ಣ ಹಚ್ಚಲು ಮಾವಿನಹಣ್ಣಿನ ಚಿತ್ರ ಕೊಟ್ಟು ಮೂಲೆಯಲ್ಲಿ ಕೂರಿಸಿದರೆ ಅವನು ಪಾಠದಿಂದಲೇ ಹೊರಗೆ. ಮಡಚಿ ಕತ್ತರಿಸಿದ ಆರು ಕಾಗದದ ಜೋಡಿ ಕೊಡಿ. ಕೆಲವು ಸಮ, ಕೆಲವು ಓರೆ. ಒಂದರ ಮೇಲೊಂದು ಇಟ್ಟು, ಇಬ್ಬರಿಗೆ ಜಗಳ ಬಾರದ ಹಾಗೆ ಹಂಚಬಹುದಾದ ಜೋಡಿಗಳನ್ನು ಆರಿಸಲಿ. ಉಳಿದವರು ಕಲಿಯುವ ಸಮ ಪಾಲನ್ನೇ ಅವನೂ ಕಲಿಯುತ್ತಾನೆ. ಪಕ್ಕದ ಹುಡುಗಿ ಅವನ ಕೈಯಿಂದ ಕಿತ್ತು ತಾನೇ ಮಾಡಿಕೊಡಲು ಬರುತ್ತಾಳೆ. ಅದನ್ನು ತಡೆಯಿರಿ.

ಗಂಟೆ ನೋಡಿ ನಿಮ್ಮ ಮೇಡಂ ನನ್ನನ್ನು ನೋಡುತ್ತಿದ್ದಾರೆ. ಆಟಿಸಂ, ಓದುವ ತೊಡಕು ಎರಡೂ ಉಳಿದವು. ಸುಮ್ನೆ ಒಂದೊಂದು ಮಾತು: ಆಟಿಸಂ ಇರುವ ಮಗುವಿಗೆ ಮಡಚು, ಕತ್ತರಿಸು, ಅಂಟಿಸು ಅಂತ ಮೂರು ಚಿತ್ರ ಸಾಲಾಗಿ ಬರೆದು ಮೊದಲೇ ತೋರಿಸಿ. ಓದಲು ಕಷ್ಟ ಇರುವವರಿಗೆ ಹೇಳಿಕೆ ಲೆಕ್ಕವನ್ನು ನೀವೇ ಓದಿ ಹೇಳಿ, ಪರೀಕ್ಷೆ ಭಿನ್ನರಾಶಿಗೆ, ಓದಿಗಲ್ಲ. ಎಲ್ಲ ಪಾಠಕ್ಕೂ ಇಷ್ಟು ತಯಾರಿ ಆಗುವುದಿಲ್ಲ, ನನಗೂ ಆಗಿರಲಿಲ್ಲ. ವಾರಕ್ಕೆ ಒಂದು ಪಾಠ ಮಾಡಿ. ಬ್ರೈಲ್, ಸಂಜ್ಞೆ ಭಾಷೆ ಸುಳ್ಳುಸುಳ್ಳೇ ಕಲಿಸಲು ಹೋಗಬೇಡಿ, ಸಮನ್ವಯ ಶಿಕ್ಷಣಕ್ಕೆಂದೇ ಇರುವ ತಾಲೂಕಿನ ಸಂಪನ್ಮೂಲ ಶಿಕ್ಷಕರನ್ನು, ಅಂದರೆ ಬಿಐಇಆರ್‌ಟಿಗಳನ್ನು ಕೇಳಿ.

ಈಗ ಆ ಕಾಲಂ ಇರುವ ಹಾಳೆ ತೆಗೆಯಿರಿ. ‘ಗಮನ’ ಅನ್ನುವ ಪದ ಹೊಡೆದು ಹಾಕಿ, ಆ ಜಾಗದಲ್ಲಿ ಏನು ಕೊಡುತ್ತೀರಿ, ಎಲ್ಲಿ ನಿಲ್ಲುತ್ತೀರಿ ಅಂತ ಬರೆಯಿರಿ. ಸ್ಟೇಟ್‌ಬ್ಯಾಂಕ್ ಬಸ್ಸಿಗೆ ಹೋಗುವವರು ಬಸ್ಸಿನಲ್ಲಿ ಬರೆದರೂ ಆದೀತು. ಕಡ್ಡಿ ಅಂಟಿಸಿದ ಕಾಗದ ಹಿಂದಿನ ಬೆಂಚಿಗೂ ದಾಟಿಸಿ. ಗೋಂದು ಇನ್ನೂ ಒಣಗಿಲ್ಲ, ಮಳೆಗಾಲ ನೋಡಿ, ಮೆಲ್ಲ ಹಿಡಿಯಿರಿ.