ಮದುವೆ ಕಾರ್ಡು: ಎಷ್ಟು ಹಾಕಿಸಬೇಕು?

ಎಲ್ಲರಿಗೂ ನಮಸ್ಕಾರ.

ಕಾರ್ಡ್ ಅಂಗಡಿಗೆ ಹೋದವರು ಮೊದಲು ಕೇಳುವುದು "ಒಂದಕ್ಕೆ ಎಷ್ಟು?" ಅಂತ. ಬೆಂಗಳೂರಿನ ಸುಲ್ತಾನಪೇಟೆಯಲ್ಲಾಗಲಿ, ನಿಮ್ಮೂರಿನ ಪ್ರೆಸ್ಸಿನಲ್ಲಾಗಲಿ, ಅದಕ್ಕೆ ಬರುವ ಉತ್ತರದಿಂದ ಏನೂ ತೀರ್ಮಾನ ಮಾಡಲಾಗುವುದಿಲ್ಲ. ಮೊದಲ ನೂರಕ್ಕೆ ಒಟ್ಟು ಎಷ್ಟು, ಆಮೇಲಿನ ಪ್ರತಿ ನೂರಕ್ಕೆ ಎಷ್ಟು ಎಂದು ಕೇಳಿ. ಕಾರಣ ಹೇಳುತ್ತೇನೆ.

ಕಾರ್ಡು ಎರಡು ಬಗೆಯಲ್ಲಿ ಸಿಗುತ್ತದೆ. ಒಂದು, ರೆಡಿ ಕಾರ್ಡು. ಗಣೇಶ, ಚಿನ್ನದ ಬಣ್ಣದ ಅಂಚು, ಕವರು ಎಲ್ಲ ಮೊದಲೇ ತಯಾರಾಗಿರುತ್ತದೆ. ಅಂಗಡಿಯವರು ನಿಮ್ಮ ಮ್ಯಾಟರಿಗೆ ಒಂದು ಜಾಲರಿಯ ಫ್ರೇಮು ಮಾಡಿಕೊಂಡು, ಅದನ್ನು ಮಾತ್ರ ಸ್ಕ್ರೀನ್ ಪ್ರಿಂಟ್ ಮಾಡುತ್ತಾರೆ. ಇನ್ನೊಂದು, ನಿಮ್ಮದೇ ಡಿಸೈನು ಮಾಡಿಸಿ ಆಫ್‌ಸೆಟ್‌ನಲ್ಲಿ ಹಾಕಿಸುವುದು. ಇದರಲ್ಲಿ ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟು ಬೇಕು, ಬಣ್ಣ ಹೊಂದಿಸುವಷ್ಟರಲ್ಲಿ ಒಂದಷ್ಟು ಹಾಳೆ ವ್ಯರ್ಥವಾಗುತ್ತದೆ. ನೂರು ಹಾಕಿಸಿ, ಸಾವಿರ ಹಾಕಿಸಿ, ಈ ಖರ್ಚು ಅಷ್ಟೇ.

ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಹಿಡಿದವು, ನಿಮ್ಮ ಅಂಗಡಿಯ ದರ ಹಾಕಿಕೊಳ್ಳಿ. ರೆಡಿ ಕಾರ್ಡು ಕವರು ಸೇರಿ 22 ರೂಪಾಯಿ. ಪ್ರಿಂಟಿಂಗ್ ಮೊದಲ ನೂರಕ್ಕೆ 800, ಆಮೇಲೆ ನೂರಕ್ಕೆ 200. ಆಫ್‌ಸೆಟ್‌ಗೆ ಡಿಸೈನು, ಪ್ಲೇಟು, ಮೆಷಿನ್ ಸೇರಿ 5,000, ಅದರ ಮೇಲೆ ಕಾಗದ ಮತ್ತು ಸಾದಾ ಕವರಿಗೆ ಕಾರ್ಡಿಗೆ 6 ರೂಪಾಯಿ.

200 ಕಾರ್ಡಿಗೆ ರೆಡಿ ಕಾರ್ಡು 5,400 ಆಗುತ್ತದೆ, ಆಫ್‌ಸೆಟ್ 6,200. 400 ಕಾರ್ಡಿಗೆ ಬನ್ನಿ: ರೆಡಿ ಕಾರ್ಡು 10,200, ಆಫ್‌ಸೆಟ್ 7,400. ಹೆಚ್ಚುಕಡಿಮೆ 250ರ ಹತ್ತಿರ ಎರಡೂ ಸಮ. ಅದಕ್ಕಿಂತ ಜಾಸ್ತಿ ಬೇಕಾದರೆ ಆಫ್‌ಸೆಟ್ ಅಗ್ಗ.

ಇಲ್ಲಿ ಕವರು ಬರುತ್ತದೆ. ಆ 6 ರೂಪಾಯಿಯಲ್ಲಿ ಸಾದಾ ಕವರಿನ ಪಾಲು ಎರಡೂವರೆ ಅಂತಿಟ್ಟುಕೊಳ್ಳಿ. ಮನೆಯಲ್ಲಿ ಯಾರೋ "ಕವರು ಸ್ವಲ್ಪ ಚೆನ್ನಾಗಿರಲಿ" ಅಂತಾರೆ. ಮಿನುಗುವ ದಪ್ಪ ಕಾಗದದ ಕವರು 8 ರೂಪಾಯಿ. ಈಗ ಕಾರ್ಡಿಗೆ ಹನ್ನೊಂದೂವರೆ ಆಯಿತು, 250ಕ್ಕೆ ಸಮವಾಗುತ್ತಿದ್ದದ್ದು 350ಕ್ಕೆ ಹೋಯಿತು. ಜನ ಕಾರ್ಡಿನ ಕಾಗದದ ಮೇಲೆ ಚೌಕಾಶಿ ಮಾಡಿ ಕವರನ್ನು ಕೊನೆಯಲ್ಲಿ ಸುಮ್ನೆ ಆರಿಸುತ್ತಾರೆ. ನನಗೆ ಕೇಳಿದರೆ ಕವರು ಮೊದಲು ನೋಡಬೇಕು. ಕಾರ್ಡು ತೆಗೆದುಕೊಂಡವರು ಒಡೆದು ಬಿಸಾಡುವುದು ಅದನ್ನೇ ಅಲ್ವಾ? ಇನ್ನೊಂದು ವಿಷಯ, ಕಾರ್ಡಿನ ಅಳತೆಯನ್ನು ಅಂಗಡಿಯಲ್ಲಿ ಸಿಗುವ ಕವರಿಗೆ ಹೊಂದಿಸಿಕೊಳ್ಳಿ. ಹೊಸ ಅಳತೆಯ ಕವರು ಬೇಕೆಂದರೆ ಕತ್ತರಿಸುವ ಡೈ ಮಾಡಿಸಬೇಕು, ಅಲ್ಲಿಗೆ ಇನ್ನೊಂದು ಖರ್ಚು ತಲೆಯ ಮೇಲೆ.

ಕಾಗದದ ದಪ್ಪವನ್ನು ಜಿಎಸ್‌ಎಂನಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರ್ ಹಾಳೆಯ ತೂಕ ಗ್ರಾಂ ಲೆಕ್ಕದಲ್ಲಿ. ಒಂದೇ ಹಾಳೆಯ ಕಾರ್ಡಿಗೆ 300 ಜಿಎಸ್‌ಎಂ ಆರ್ಟ್ ಕಾರ್ಡು ಸಾಕು. ಅಂಚೆಯಲ್ಲಿ ಕಳಿಸುವುದು ಜಾಸ್ತಿ ಇದ್ದರೆ ಸ್ಯಾಂಪಲ್ಲನ್ನು ಕವರಿನ ಸಮೇತ ತೂಗಿ ನೋಡಿ, ಒಳಹಾಳೆ ಒಂದು ಕಡಿಮೆ ಮಾಡಿದರೆ ಅಂಚೆ ಖರ್ಚೂ ಇಳಿಯಬಹುದು. ಮಿನುಗುವ ಕಾಗದದಲ್ಲಿ ಇಂಕು ಬೇಗ ಒಣಗುವುದಿಲ್ಲ. ಕಾರ್ಡು ಕೈಗೆ ಬಂದಾಗ ಅಕ್ಷರದ ಮೇಲೆ ಹೆಬ್ಬೆರಳು ಉಜ್ಜಿ, ಹಿಂಬದಿಯಲ್ಲಿ ಇನ್ನೊಂದು ಕಾರ್ಡಿನ ಅಕ್ಷರದ ನೆರಳು ಬಿದ್ದಿದೆಯಾ ನೋಡಿ.

ಇನ್ನು ಎಷ್ಟು ಹಾಕಿಸಬೇಕು? ಜನರನ್ನಲ್ಲ, ಮನೆಗಳನ್ನು ಎಣಿಸಿ. ಪಟ್ಟಿಯಲ್ಲಿ 340 ಮನೆ ಅಂದುಕೊಳ್ಳಿ. ಆಫ್‌ಸೆಟ್ ಆದರೆ ಧಾರಾಳವಾಗಿ 400 ಹಾಕಿಸಿ. ಸಾದಾ ಕವರಿದ್ದರೆ ಹೆಚ್ಚಿನ 60ಕ್ಕೆ ಬೀಳುವುದು 360 ರೂಪಾಯಿ. ಕಡಿಮೆ ಬಿದ್ದು ಮತ್ತೆ ಮೆಷಿನ್ನಿಗೆ ಹಾಕಿಸಿದರೆ, ಡಿಸೈನು ಇದ್ದರೂ ಹಳೆಯ ಪ್ಲೇಟು ಸಿಗದಿದ್ದರೆ ಆ 5,000ದ ಬಹುಪಾಲು ಮತ್ತೆ ಕೊಡಬೇಕು. ರೆಡಿ ಕಾರ್ಡಿನಲ್ಲಿ ಲೆಕ್ಕ ಬೇರೆ. ಅದೇ 60ಕ್ಕೆ ಕಾರ್ಡಿನ ಬೆಲೆಯೇ 1,320. ಹಾಗಾಗಿ 350ಕ್ಕೆ ನಿಲ್ಲಿಸಬಹುದು. ಆದರೆ ಅಂಗಡಿಯವರು ನಿಮ್ಮ ಫ್ರೇಮನ್ನು ಎಷ್ಟು ದಿನ ಇಟ್ಟಿರುತ್ತಾರೆ, ಅದೇ ಡಿಸೈನು ಇನ್ನೆಷ್ಟು ಸ್ಟಾಕಿದೆ ಎಂದು ಕೇಳಿಕೊಳ್ಳಿ. ಮದುವೆ ಸೀಸನ್ನಿನಲ್ಲಿ ಸ್ಟಾಕು ನಿಲ್ಲುವುದಿಲ್ಲ.

ಗಂಡಿನ ಕಡೆ, ಹೆಣ್ಣಿನ ಕಡೆ ಸೇರಿ ಒಟ್ಟಿಗೆ ಹಾಕಿಸಿದರೆ ಅರ್ಧಕ್ಕೆ ಬರುತ್ತದೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಕಾರ್ಡಿನ ಬೆಲೆಯಲ್ಲಿ ರಿಯಾಯಿತಿ ಸಿಗಬಹುದು. ಮ್ಯಾಟರು ಮಾತ್ರ ಎರಡು, ಆದ್ದರಿಂದ ಫ್ರೇಮೂ ಎರಡು, ಮೊದಲ ನೂರರ ದರವೂ ಎರಡು ಸಲ. ಕನ್ನಡದಲ್ಲಿ 300, ಇಂಗ್ಲಿಷಿನಲ್ಲಿ 50 ಅಂತ ಹಂಚಿದರೂ ಇದೇ ಕಥೆ. ಆ 50 ನಿಜವಾಗಿ ಬೇಕೇ, ವಾಟ್ಸಾಪಿನಲ್ಲಿ ಕಳಿಸಿದರೆ ಆಗುತ್ತದೆಯೇ ಎಂದು ಯೋಚಿಸಿ.

ಕಾರ್ಡು ಎಷ್ಟೇ ಹಾಕಿಸಿ, ಕವರನ್ನು ಮಾತ್ರ ಒಂದು ಇಪ್ಪತ್ತು ಹೆಚ್ಚಿಗೆ ಕೇಳಿ ತೆಗೆದುಕೊಳ್ಳಿ. ಹೆಸರು ತಪ್ಪುವುದು, ಅರಿಶಿನ ಹಚ್ಚುವಾಗ ಕಲೆಯಾಗುವುದು ಕವರಿನ ಮೇಲೆಯೇ.