ದ್ವೇಷನೇ ಇಲ್ಲದೆ ತಾರತಮ್ಯ ಹೇಗೆ? ಬ್ರಿಸ್ಟಲ್ ಹುಡುಗರ 12/11 ಲೆಕ್ಕ

[ಕ್ಯಾಮೆರಾ ನೇರ, ಹಿಂದೆ ಖಾಲಿ ಬೋರ್ಡ್]

ಎಲ್ರಿಗೂ ನಮಸ್ಕಾರ. ಹೋದ ವಿಡಿಯೋ ನೋಡಿದೋರೊಬ್ರು ಒಂದು ಪ್ರಶ್ನೆ ಕಳಿಸಿದ್ರು, "ನನಗೆ ಯಾರ ಮೇಲೂ ದ್ವೇಷ ಇಲ್ಲ, ನಮ್ಮೋರಿಗೆ ಒಂಚೂರು ಜಾಸ್ತಿ ಮಾಡ್ತೀನಿ ಅಷ್ಟೆ, ಅದು ಪೂರ್ವಗ್ರಹ ಹೇಗಾಗತ್ತೆ?" ಅಂತ. ತುಂಬಾ ಪ್ರಾಮಾಣಿಕ ಪ್ರಶ್ನೆ, ನಾನಂತೂ ಎರಡು ವಾರ ಇದೇ ತಲೇಲಿಟ್ಕೊಂಡು ಓಡಾಡಿದೀನಿ. ಉತ್ತರ ಹುಡುಕ್ತಾ ಹೋದ್ರೆ ಹೆನ್ರಿ ತಾಜ್ಫೆಲ್ ಅನ್ನೋ ಸಾಮಾಜಿಕ ಮನಶ್ಶಾಸ್ತ್ರಜ್ಞನ ಹತ್ರ ಹೋಗಿ ನಿಲ್ತೀವಿ.

ಪರಿಚಯ ಬೇಗ ಮುಗಿಸ್ತೀನಿ. 1919ರಲ್ಲಿ ಪೋಲೆಂಡ್‌ನಲ್ಲಿ ಹುಟ್ಟಿದ ಯಹೂದಿ, ಓದೋಕೆ ಫ್ರಾನ್ಸ್‌ಗೆ ಹೋದ್ರು, ಯುದ್ಧ ಬಂತು, ಫ್ರೆಂಚ್ ಸೈನ್ಯದಲ್ಲಿದ್ದಾಗ ಜರ್ಮನ್ನರ ಕೈಗೆ ಸಿಕ್ಕಿಬಿದ್ರು. ಪೋಲೆಂಡಿನವರು ಅಂತ ಗೊತ್ತಾಗ್ದೆ ಫ್ರೆಂಚ್ ಖೈದಿ ಅಂತಲೇ ಲೆಕ್ಕಕ್ಕೆ ಬಂದಿದ್ರಿಂದ ಜೀವ ಉಳೀತು. ಯುದ್ಧ ಮುಗಿಸಿ ವಾಪಸ್ ಬಂದ್ರೆ ಮನೆಯವರಲ್ಲಿ ಹೆಚ್ಚಿನವರು ಇರ್ಲೇ ಇಲ್ಲ. ಅದೇ ಮನುಷ್ಯ, ಅದೇ ಮುಖ, ಯಾವ ಗುಂಪಿನೋನು ಅನ್ನೋ ಒಂದು ಪದದ ಮೇಲೆ ಬದುಕು ನಿಂತಿತ್ತು. ಇಂಥೋರು ಮುಂದೆ ಗುಂಪುಗಳ ಬಗ್ಗೆನೇ ಸಂಶೋಧನೆ ಮಾಡಿದ್ರು ಅಂದ್ರೆ ಅದು ಬರೀ ವೃತ್ತಿ ಆಗಿರ್ಲಿಲ್ಲ ಅಂತ ನನಗನ್ಸತ್ತೆ.

ಅವರ ಪ್ರಶ್ನೆ ಸರಳ. ಜಗಳ ಇಲ್ಲ, ಹಳೇ ದ್ವೇಷ ಇಲ್ಲ, ಲಾಭ ನಷ್ಟ ಇಲ್ಲ, ಬರೀ "ನೀನು ಈ ಗುಂಪು" ಅಂದ್ರೆ ಸಾಕಾ, ಪಕ್ಷಪಾತ ಶುರುವಾಗೋಕೆ?

ಇಂಗ್ಲೆಂಡಿನ ಬ್ರಿಸ್ಟಲ್, 14–15 ವರ್ಷದ ಹುಡುಗರು, ಒಂದೇ ಸ್ಕೂಲು, ಮೊದಲಿಂದ್ಲೂ ಒಬ್ರಿಗೊಬ್ರು ಗೊತ್ತು. ಒಂದು ಪ್ರಯೋಗದಲ್ಲಿ ಅವರಿಗೆ ಕ್ಲೀ ಮತ್ತು ಕ್ಯಾಂಡಿನ್ಸ್ಕಿ ಅನ್ನೋ ಇಬ್ರು ಕಲಾವಿದರ ಚಿತ್ರ ತೋರಿಸಿ ಯಾವುದು ಇಷ್ಟ ಅಂತ ಕೇಳಿದ್ರು. ಆಮೇಲೆ ಒಬ್ಬೊಬ್ಬನನ್ನೇ ಕರೆದು "ನೀನು ಕ್ಲೀ ಗುಂಪು" ಅಥವಾ "ಕ್ಯಾಂಡಿನ್ಸ್ಕಿ ಗುಂಪು" ಅಂದ್ರು. ಅವನಿಗೆ ಯಾವುದು ಇಷ್ಟ ಆಗಿತ್ತು ಅನ್ನೋದಕ್ಕೂ ಇದಕ್ಕೂ ಸಂಬಂಧನೇ ಇರ್ಲಿಲ್ಲ, ಸುಮ್ನೆ ಚೀಟಿ ಎತ್ತಿದ ಹಾಗೆ ಹಂಚಿದ್ದು. ತನ್ನ ಗುಂಪಲ್ಲಿ ಬೇರೆ ಯಾರಿದಾರೆ ಅಂತಾನೂ ಹೇಳ್ಲಿಲ್ಲ, ಎಲ್ಲ ಬರೀ ಕೋಡ್ ನಂಬರು. ಈಗ ದುಡ್ಡು ಹಂಚಬೇಕು, ಒಂದು ಪಾಯಿಂಟಿಗೆ ಪೆನ್ನಿಯ ಹತ್ತನೇ ಒಂದು ಭಾಗ. ತನಗೇ ಕೊಟ್ಕೊಳ್ಳೋ ಹಾಗಿಲ್ಲ, ಬೇರೆ ಇಬ್ರಿಗೆ ಕೊಡಬೇಕು, ಒಬ್ಬ ತನ್ನ ಗುಂಪಿನೋನು, ಇನ್ನೊಬ್ಬ ಆ ಕಡೆಯೋನು.

ಈಗ ಬರೋದು ನನಗೆ ತುಂಬಾ ಇಷ್ಟದ ಭಾಗ, ವಿಡಿಯೋ ಉದ್ದ ಆದ್ರೂ ಪರವಾಗಿಲ್ಲ, ಇದನ್ನ ನಿಧಾನಕ್ಕೇ ಹೇಳ್ತೀನಿ.

[ಬೋರ್ಡ್ ಮೇಲೆ ಬರೆಯುತ್ತಾ]

ನಮ್ಮೋನು: 7 8 9 10 11 12 13 14 15 16 17 18 19
ಆ ಕಡೆಯೋನು: 1 3 5 7 9 11 13 15 17 19 21 23 25

ಮೇಲಿಂದು ನಮ್ಮೋನಿಗೆ, ಅದರ ಕೆಳಗಿಂದು ಆ ಕಡೆಯೋನಿಗೆ, ಒಂದು ಜೋಡಿ ಆರಿಸ್ಬೇಕು. ಎಡಗಡೆ ತುದಿ ನೋಡಿ, 7ಕ್ಕೆ 1, ನಮ್ಮೋನು ಆರು ಪಾಯಿಂಟ್ ಮುಂದೆ. ಬಲಗಡೆ ತುದಿ, 19ಕ್ಕೆ 25. ನಮ್ಮೋನಿಗೆ ಇಡೀ ಸಾಲಲ್ಲೇ ಅತಿ ಹೆಚ್ಚು ಸಿಗೋದು ಇಲ್ಲೇ, ಇಬ್ರದ್ದೂ ಸೇರಿಸಿದ್ರೂ ಅತಿ ಹೆಚ್ಚು ಇಲ್ಲೇ, ಪ್ರಯೋಗ ಮಾಡೋರ ಜೇಬಿಂದ ಜಾಸ್ತಿ ದುಡ್ಡು ಬರೋದೂ ಇಲ್ಲೇ. ಒಂದೇ ತೊಡಕು ಅಂದ್ರೆ ಆ ಕಡೆಯೋನಿಗೆ ಇನ್ನೂ ಜಾಸ್ತಿ ಸಿಗತ್ತೆ.

ವಿಡಿಯೋ ಒಂದ್ನಿಮಿಷ ನಿಲ್ಲಿಸಿ, ನೀವೇ ಒಂದು ಜೋಡಿ ಆರ್ಸಿ.

ನಮ್ಮೋರ ಮೇಲಿನ ಪ್ರೀತಿ ಅಂದ್ರೆ ಅವರಿಗೆ ಒಳ್ಳೇದಾಗ್ಲಿ ಅನ್ನೋದಷ್ಟೇ ಆಗಿದ್ರೆ ಎಲ್ರೂ 19ಕ್ಕೇ ಹೋಗ್ಬೇಕಿತ್ತು ಅಲ್ವಾ? ಹುಡುಗರು ಹಾಗೆ ಮಾಡ್ಲಿಲ್ಲ. ಹಾಗಂತ 7/1ಕ್ಕೆ ಹೋಗಿ ಕೂತ್ಕೊಂಡ್ರು ಅಂತಾನೂ ಅಲ್ಲ, ನ್ಯಾಯವಾಗಿರ್ಬೇಕು ಅನ್ನೋದೂ ಅವರನ್ನ ಹಿಂದಕ್ಕೆ ಎಳೀತಿತ್ತು. ಒಟ್ಟಾರೆ ಆಯ್ಕೆಗಳು ಎಡಕ್ಕೆ ವಾಲಿದ್ವು, ಅಂದ್ರೆ 12/11 ತರದ ಕಡೆ, ನಮ್ಮೋನು ಒಂದು ಹೆಜ್ಜೆಯಾದ್ರೂ ಮುಂದಿರೋ ಜಾಗಕ್ಕೆ. ಈಗ ಲೆಕ್ಕ ಹಾಕಿ, 19 ಬಿಟ್ಟು 12 ತಗೊಂಡ್ರೆ ನಮ್ಮೋನಿಗೇ ಏಳು ಪಾಯಿಂಟ್ ಹೋಯ್ತು! ಅವನು ನಮಗಿಂತ ಕೆಳಗಿರ್ಬೇಕು ಅನ್ನೋದಕ್ಕೆ ನಮ್ಮೋನ ಜೇಬಿಂದಾನೇ ದುಡ್ಡು ಹೋಯ್ತು. ಮೊದಲ ಸಲ ಇದನ್ನ ಓದಿದಾಗ ನಾನು ಪೆನ್ಸಿಲ್ ತಗೊಂಡು ಮೂರು ಸಲ ಲೆಕ್ಕ ಮಾಡಿ ನೋಡಿದ್ದೆ.

ಅದೇ ಹುಡುಗರು ತಮ್ಮ ಗುಂಪಿನ ಇಬ್ರಿಗೇ ಹಂಚ್ಬೇಕಾದಾಗ ನ್ಯಾಯವಾಗಿ ಹಂಚ್ತಿದ್ರು, ಇದನ್ನ ಮರೀಬೇಡಿ.

ಯಾಕೆ ಹೀಗೆ ಅನ್ನೋದಕ್ಕೆ ತಾಜ್ಫೆಲ್ ಮತ್ತು ಜಾನ್ ಟರ್ನರ್ 1979ರಲ್ಲಿ ಕೊಟ್ಟ ವಿವರಣೆಯೇ ಸಾಮಾಜಿಕ ಗುರುತಿನ ಸಿದ್ಧಾಂತ. ನಾನು ಯಾರು ಅನ್ನೋದರಲ್ಲಿ ಒಂದು ಭಾಗ ನನ್ನ ಗುಂಪಿಂದ ಬರತ್ತೆ, ಗುಂಪು ಎತ್ತರದಲ್ಲಿದ್ರೆ ನಾನೂ ಎತ್ತರ. ಆದ್ರೆ ಎತ್ತರ ಅಂತ ಗೊತ್ತಾಗೋಕೆ ಪಕ್ಕದಲ್ಲಿ ಇನ್ನೊಬ್ರು ಬೇಕು, ಹಾಗಾಗಿ ಎಷ್ಟು ಸಿಕ್ತು ಅನ್ನೋದಕ್ಕಿಂತ ಎಷ್ಟು ಅಂತರ ಇದೆ ಅನ್ನೋದೇ ಮುಖ್ಯ ಆಗ್ಬಿಡತ್ತೆ.

ಸರಿ, ಹಣೆಪಟ್ಟಿ ಹಚ್ಚೋ ಬುದ್ಧಿ ಎಲ್ಲಿಂದ ಬಂತು? ಇದಕ್ಕೆ ತಾಜ್ಫೆಲ್ ಅವರದ್ದೇ 1963ರ ಒಂದು ಪ್ರಯೋಗ, ವಿಲ್ಕ್ಸ್ ಅನ್ನೋರ ಜೊತೆ. ಎಂಟು ಗೆರೆ, ಒಂದಕ್ಕಿಂತ ಒಂದು ಸ್ವಲ್ಪ ಸ್ವಲ್ಪ ಉದ್ದ. ಚಿಕ್ಕ ನಾಲ್ಕಕ್ಕೆ ಒಂದು ಅಕ್ಷರ, ದೊಡ್ಡ ನಾಲ್ಕಕ್ಕೆ ಇನ್ನೊಂದು ಅಕ್ಷರ ಹಚ್ಚಿ ಉದ್ದ ಅಂದಾಜು ಮಾಡಿ ಅಂದ್ರು. ನಾಲ್ಕನೇದಕ್ಕೂ ಐದನೇದಕ್ಕೂ ಇರೋ ವ್ಯತ್ಯಾಸ ಚೂರೇ ಚೂರು, ಆದ್ರೆ ಅವೆರಡರ ಮಧ್ಯೆ ಬೇರೆ ಬೇರೆ ಅಕ್ಷರ ಬಂತಲ್ಲ, ಜನರ ಕಣ್ಣಿಗೆ ಆ ಚೂರು ಇರೋದಕ್ಕಿಂತ ದೊಡ್ಡದಾಗಿ ಕಾಣ್ತು. ಅಕ್ಷರ ಇಲ್ದೇ ಇದ್ದಾಗ, ಇಲ್ಲಾ ಅಕ್ಷರನ ಅಡ್ಡಾದಿಡ್ಡಿ ಹಚ್ಚಿದಾಗ ಹಾಗಾಗ್ಲಿಲ್ಲ. ಬರೀ ಗೆರೆ ಸ್ವಾಮಿ, ಗೆರೆಗೆ ಜಾತಿ ಇಲ್ಲ ಭಾಷೆ ಇಲ್ಲ. ಮನುಷ್ಯರಿಗೆ ಹಣೆಪಟ್ಟಿ ಹಚ್ಚಿದಾಗ "ಅವರೆಲ್ಲ ಹಾಗೇನೇ" ಅನ್ನೋ ಮಾತಿಗೆ ಬೇಕಾದ ಅರ್ಧ ಕೆಲಸ ಕಣ್ಣೇ ಮುಗಿಸಿರತ್ತೆ.

ಟೈಮ್ ಆಗ್ತಾ ಬಂತು, ಉಳಿದಿದ್ದು ಒಟ್ಟಿಗೆ ಹೇಳ್ತೀನಿ. ಈ ಸಿದ್ಧಾಂತಕ್ಕೆ ಮಿತಿ ಇದೆ. ದುಡ್ಡು ಹಂಚೋ ಬದಲು ಕಿವಿಗೆ ಹಿಂಸೆ ಆಗೋ ಸದ್ದಿನಂಥ ಶಿಕ್ಷೆ ಹಂಚೋಕೆ ಹೇಳಿದಾಗ ಈ ಪಕ್ಷಪಾತ ತುಂಬಾ ಕಮ್ಮಿ ಆಗತ್ತೆ ಅಂತ ಜರ್ಮನಿಯ ಅಮೆಲಿ ಮುಮ್ಮೆಂಡಿ ಮತ್ತು ಜೊತೆಗಾರರು ತೋರಿಸಿದ್ರು, ಅಂದ್ರೆ ನಮ್ಮೋರಿಗೆ ಜಾಸ್ತಿ ಕೊಡೋದೇ ಬೇರೆ, ಇನ್ನೊಬ್ರಿಗೆ ನೋವು ಮಾಡೋದೇ ಬೇರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮೆರಿಲಿನ್ ಬ್ರೂವರ್ ಕೂಡ ಇದನ್ನೇ ಹೇಳೋದು, ನಮ್ಮೋರ ಪ್ರೀತಿ ತಾನಾಗೇ ಅವರ ದ್ವೇಷ ಆಗಲ್ಲ, ಅಲ್ಲಿಗೆ ಹೋಗೋಕೆ ಭಯನೋ ಪೈಪೋಟಿನೋ ಬೇಕು. ಹಾಗಾದ್ರೆ ಪ್ರಶ್ನೆ ಕೇಳಿದೋರು ಹೇಳಿದ್ದೇ ಸರಿ ಅಲ್ವಾ, ದ್ವೇಷ ಇಲ್ಲ ತಾನೇ?

ನಾನು ಬಾಡಿಗೆ ಮನೆ ಹುಡುಕ್ತಿದ್ದಾಗ ಒಂದು ಕಡೆ ಓನರ್ ಆಂಟಿ ಕೂರಿಸಿ ಕಾಫಿ ಕೊಟ್ರು, ಊರು ಕೇಳಿದ್ರು, ಆಮೇಲೆ ಮೆತ್ತಗೆ "ನೀವು ಯಾವ ಪೈಕಿ?" ಅಂದ್ರು. ಹೇಳ್ದೆ. "ನಮ್ಮ ಪೈಕಿಯೋರೊಬ್ರು ಕೇಳಿದಾರೆ ಕಣಪ್ಪ" ಅಂದ್ರು. ಒಂದು ಕೆಟ್ಟ ಮಾತಿಲ್ಲ, ಮುಖದಲ್ಲಿ ಸಿಟ್ಟಿಲ್ಲ, ಗೇಟಿನ ತನಕ ಬಂದು ಕಳಿಸಿಕೊಟ್ರು. ಆಂಟಿ ಮಾಡಿದ್ದು ಬರೀ ನಮ್ಮೋರಿಗೆ ಒಂಚೂರು ಜಾಸ್ತಿ. ಆದ್ರೆ ಆ ಬೀದೀಲಿ ಹತ್ತು ಮನೆಯೋರೂ ಒಬ್ರನ್ನೂ ದ್ವೇಷಿಸ್ದೇನೇ ಅಷ್ಟೇ ಮಾಡಿದ್ರೆ, ಬೇರೆಯೋನಿಗೆ ಆ ಬೀದೀಲಿ ಮನೆ ಸಿಗಲ್ಲ. ಆಮೇಲೆ ಯಾರೋ "ಆ ಜನ ಈ ಕಡೆ ಯಾಕಿಲ್ಲ" ಅಂತ ಕೇಳ್ತಾರೆ, "ಅವರು ಹಾಗೇ, ಅವರವರೇ ಒಟ್ಟಿಗಿರ್ತಾರೆ" ಅನ್ನೋ ಉತ್ತರ ರೆಡಿ ಇರತ್ತೆ.

ಎರಡು ತಿಂಗಳಾದ್ಮೇಲೆ ಅದೇ ಬೀದೀಲಿ ಹೋಗ್ತಾ ನೋಡಿದೆ. ಟು-ಲೆಟ್ ಬೋರ್ಡ್ ಇನ್ನೂ ನೇತಾಡ್ತಿತ್ತು.

[ಬೋರ್ಡ್ ಮೇಲಿನ 12/11ಕ್ಕೆ ವೃತ್ತ, ವಿಡಿಯೋ ಮುಗಿಯುತ್ತದೆ]